‘ಎಲ್ರೂ ಹೇಗಿದ್ದೀರಿ?’ ಅಂತ ಕೇಳಿದ ಮೇಲೆ ಬರುವ ಮೌನ

ಮಧ್ಯಾಹ್ನ ಎರಡಕ್ಕೆ ಸಹೋದ್ಯೋಗಿಗೆ ಒಂದು ಮೆಸೇಜ್ ಹಾಕಿದ್ದೀರಿ. ಐದಾಯಿತು, ಉತ್ತರ ಇಲ್ಲ. ಅವರ ಹೆಸರಿನ ಪಕ್ಕದ ಹಸಿರು ಚುಕ್ಕೆ ಮಾತ್ರ ಹಾಗೇ ಇದೆ. ಈಗ ನಿಮ್ಮ ತಲೆಯಲ್ಲಿ ಏನು ಓಡುತ್ತದೆ?

ಒಂದೇ ಆಫೀಸಿನಲ್ಲಿ ಕೂತಿದ್ದರೆ ಏನೂ ಓಡುತ್ತಿರಲಿಲ್ಲ. ತಲೆ ಎತ್ತಿ ನೋಡಿದರೆ ಸಾಕಿತ್ತು. ಹೆಡ್‌ಫೋನ್ ಹಾಕಿಕೊಂಡು ಕಾಲ್‌ನಲ್ಲಿದ್ದಾರೆ, ಇಲ್ಲ ಬೆಳಿಗ್ಗೆಯಿಂದ ಮುಖ ಬಾಡಿದೆ, ಇಲ್ಲ ಕುರ್ಚಿಯೇ ಖಾಲಿ. ಕಾರಣ ಕಣ್ಣಿಗೆ ಬೀಳುತ್ತದೆ. ದೂರದಿಂದ ಕೆಲಸ ಮಾಡುವಾಗ ಕಾಣುವುದು ಆ ಚುಕ್ಕೆ ಅಷ್ಟೇ. ಉಳಿದದ್ದನ್ನು ನಾವೇ ಊಹೆ ಮಾಡುತ್ತೇವೆ. ಊಹೆ ಮಾಡುವಾಗ ಎದುರಿನವರ ಪರಿಸ್ಥಿತಿ ನಮಗೆ ಹೊಳೆಯುವುದು ಕಡಿಮೆ, ಅವರ ಸ್ವಭಾವವೇ ಮೊದಲು ಹೊಳೆಯುತ್ತದೆ. ‘ಬೇಕಂತಲೇ ಉತ್ತರ ಕೊಡ್ತಿಲ್ಲ.’ ‘ಸ್ವಲ್ಪನೂ ಜವಾಬ್ದಾರಿ ಇಲ್ಲ.’

ಕ್ಯಾಥರಿನ್ ಕ್ರ್ಯಾಮ್ಟನ್ ಎಂಬ ಸಂಶೋಧಕಿ ಇದನ್ನೇ ಹತ್ತಿರದಿಂದ ನೋಡಿದರು. ಬೇರೆ ಬೇರೆ ಊರುಗಳಲ್ಲಿದ್ದುಕೊಂಡು ಒಟ್ಟಿಗೆ ಪ್ರಾಜೆಕ್ಟ್ ಮಾಡುತ್ತಿದ್ದ ವಿದ್ಯಾರ್ಥಿ ತಂಡಗಳ ಮೆಸೇಜುಗಳನ್ನು ಓದಿ, 2001ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಮೌನದ ಬಗ್ಗೆ ಒಂದು ಭಾಗ ಇದೆ. ಒಬ್ಬರು ಸುಮ್ಮನಿದ್ದಾಗ ಅದಕ್ಕೆ ಎಷ್ಟೆಲ್ಲ ಅರ್ಥ ಇರಬಹುದು ನೋಡಿ: ಒಪ್ಪಿಗೆ ಇದೆ, ಒಪ್ಪಿಗೆ ಇಲ್ಲವೇ ಇಲ್ಲ, ಊರಲ್ಲಿಲ್ಲ, ಇಂಟರ್ನೆಟ್ ಕೈಕೊಟ್ಟಿದೆ, ಬೇರೆ ಕೆಲಸದಲ್ಲಿ ಮುಳುಗಿದ್ದೇನೆ, ಮೆಸೇಜೇ ನೋಡಿಲ್ಲ, ಉತ್ತರ ಬೇಕಿತ್ತು ಅಂತಲೇ ಗೊತ್ತಾಗಲಿಲ್ಲ. ಓದುವವರು ಇವುಗಳಲ್ಲಿ ಯಾವುದೋ ಒಂದನ್ನು ಆರಿಸಿಕೊಂಡು ಅದನ್ನೇ ನಂಬಿಬಿಡುತ್ತಿದ್ದರು. ತಂಡದೊಳಗೆ ಬಿರುಕು ಅಲ್ಲಿಂದಲೇ ಶುರುವಾಗುತ್ತಿತ್ತು.

ಮೀಟಿಂಗ್‌ಗೆ ಮುಂಚೆ ಒಬ್ಬೊಬ್ಬರೂ ಒಂದೆರಡು ಮಾತು ಹೇಳುವ ದಿನನಿತ್ಯದ ಚೆಕ್-ಇನ್ ಇದೆಯಲ್ಲ, ಅದನ್ನು ನಾನು ನೋಡುವುದು ಈ ಕಡೆಯಿಂದ. ಬಹಳಷ್ಟು ಮ್ಯಾನೇಜರ್‌ಗಳು ಅದನ್ನು ವಾತಾವರಣ ತಿಳಿಯಾಗಿಸುವ ಉಪಾಯ ಅಂದುಕೊಂಡಿದ್ದಾರೆ. ನಾಲ್ಕು ಮಾತು, ಒಂದು ನಗು, ಆಮೇಲೆ ಕೆಲಸ. ಅದೂ ಇರಲಿ. ಆದರೆ ಅದರ ಮೊದಲ ಕೆಲಸ ಬೇರೆ: ಇವತ್ತು ಮಧ್ಯಾಹ್ನ ನಾನು ಉತ್ತರ ಕೊಡದಿದ್ದರೆ ಅದನ್ನು ಹೇಗೆ ತಿಳಿದುಕೊಳ್ಳಬೇಕು ಅಂತ ಬೆಳಿಗ್ಗೆಯೇ ಹೇಳಿಬಿಡುವುದು. ಆ ಕೆಲಸ ಆಗದೆ ಬರೀ ನಗು ಹಂಚಿಕೊಂಡರೆ ನಂಬಿಕೆ ಬಹಳ ದಿನ ಬಾಳುವುದಿಲ್ಲ.

ಇದಕ್ಕೂ ಒಳ್ಳೆಯ ಆಧಾರ ಇದೆ. ಸಿರ್ಕಾ ಯಾರ್ವೆನ್‌ಪಾ ಮತ್ತು ಡೊರೊಥಿ ಲೈಡ್ನರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಕೆಲಸ ಮಾಡಿದ್ದರು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಮೊದಲಿಗೆ ತಮ್ಮ ಬಗ್ಗೆ, ಮನೆ ಬಗ್ಗೆ, ಹವ್ಯಾಸದ ಬಗ್ಗೆ ಮಾತಾಡಿಕೊಂಡ ತಂಡಗಳಲ್ಲಿ ಶುರುವಿನಲ್ಲೇ ನಂಬಿಕೆ ಜಾಸ್ತಿ ಇತ್ತು. ಅಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿದೆ, ಅಲ್ವಾ? ಆದರೆ ಹಾಗೆ ಶುರುವಾದ ಕೆಲವು ತಂಡಗಳಲ್ಲೇ ಕೊನೆಗೆ ನಂಬಿಕೆ ಕುಸಿಯಿತು. ಕೊನೆಯವರೆಗೂ ನಂಬಿಕೆ ಉಳಿಸಿಕೊಂಡವರಲ್ಲಿ ಕಂಡದ್ದು ಇದು: ಯಾರು ಯಾವಾಗ ಸಿಗುತ್ತಾರೆ ಅಂತ ಮೊದಲೇ ಹೇಳುತ್ತಿದ್ದರು, ಮತ್ತು ಹಾಕಿದ ಮೆಸೇಜಿಗೆ ತಡಮಾಡದೆ ಹುರುಳಿರುವ ಉತ್ತರ ಬರುತ್ತಿತ್ತು. ‘ಈ ವಾರಾಂತ್ಯ ನಾನು ಸಿಗಲ್ಲ’ ಎಂಬ ಒಂದು ಸಾಲು ಹತ್ತು ಸ್ಮೈಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮಾಮೂಲಿ ನಮಸ್ಕಾರ ಯಾಕೆ ಸೋಲುತ್ತದೆ

ಹೆಚ್ಚಿನ ತಂಡಗಳಲ್ಲಿ ನಡೆಯುವುದು ಹೀಗೆ. ತಂಡದ ಲೀಡ್ ಕಾಲ್‌ಗೆ ಸೇರಿಕೊಂಡು ‘ಗುಡ್ ಮಾರ್ನಿಂಗ್, ಎಲ್ರೂ ಹೇಗಿದ್ದೀರಿ?’ ಅನ್ನುತ್ತಾರೆ. ಎರಡು ಸೆಕೆಂಡ್ ಯಾರೂ ಮಾತಾಡುವುದಿಲ್ಲ. ಆಮೇಲೆ ಇಬ್ಬರು ಒಟ್ಟಿಗೆ ಬಾಯಿ ತೆಗೆಯುತ್ತಾರೆ, ಒಟ್ಟಿಗೆ ನಿಲ್ಲಿಸುತ್ತಾರೆ. ‘ಹೇಳಿ ಹೇಳಿ’, ‘ಇಲ್ಲ, ನೀವು ಹೇಳಿ’. ಕೊನೆಗೆ ಒಬ್ಬರು ‘ಎಲ್ಲ ಚೆನ್ನಾಗಿದೆ’ ಅನ್ನುತ್ತಾರೆ. ‘ಸರಿ, ಹಾಗಾದ್ರೆ ಶುರು ಮಾಡೋಣ.’

ಇದನ್ನು ನೋಡಿ ‘ನಮ್ಮ ಟೀಮಿನವರಿಗೆ ಮಾತಾಡೋಕೆ ಇಷ್ಟ ಇಲ್ಲ’ ಅಂದುಕೊಳ್ಳುವ ಲೀಡ್‌ಗಳು ಬೇಕಾದಷ್ಟಿದ್ದಾರೆ. ಇಷ್ಟದ ಪ್ರಶ್ನೆ ಅಲ್ಲ ಅದು, ಸರದಿಯ ಪ್ರಶ್ನೆ. ಎದುರುಬದುರು ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಅಂತರ ತೀರಾ ಸಣ್ಣದು. ಹತ್ತು ಭಾಷೆಗಳ ಸಂಭಾಷಣೆಯನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದು ಸಾಮಾನ್ಯವಾಗಿ ಒಂದು ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು. ನೋಟ, ಉಸಿರು, ಒಂಚೂರು ಮುಂದೆ ಬಾಗುವುದು, ಇವನ್ನೆಲ್ಲ ನೋಡಿಕೊಂಡು ನಾವು ಸರದಿ ಹಿಡಿಯುತ್ತೇವೆ. ವಿಡಿಯೊ ಕಾಲ್‌ನಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಮೈಕ್ ಮ್ಯೂಟ್ ಆಗಿರುತ್ತದೆ, ತೆಗೆಯಲು ಒಂದು ಕ್ಲಿಕ್ ಬೇಕು. ಮೇಲೆ ನೆಟ್‌ವರ್ಕ್ ತನ್ನ ಪಾಲಿನ ವಿಳಂಬ ಸೇರಿಸುತ್ತದೆ.

ಆ ವಿಳಂಬದ ಬಗ್ಗೆ ಒಂದು ಮಾತು ಹೇಳಲೇಬೇಕು. 2014ರಲ್ಲಿ ಜರ್ಮನಿಯ ಸಂಶೋಧಕರು ಕರೆಗಳಲ್ಲಿ ಬೇಕಂತಲೇ ವಿಳಂಬ ಸೇರಿಸಿ ನೋಡಿದರು. ಮಾತಾಡುತ್ತಿದ್ದವರು ತಪ್ಪನ್ನು ಲೈನಿನ ಮೇಲೆ ಹಾಕಲಿಲ್ಲ. ಎದುರಿನವರಿಗೇ ಗಮನ ಕಡಿಮೆ ಅಂತ ಅಂದುಕೊಂಡರು. ಅಂದರೆ ತಾಂತ್ರಿಕ ದೋಷ ಕೂಡ ನಮ್ಮ ಲೆಕ್ಕದಲ್ಲಿ ಎದುರಿನವರ ಗುಣವಾಗಿಬಿಡುತ್ತದೆ. ‘ಎಲ್ರೂ ಹೇಗಿದ್ದೀರಿ’ ಅಂತ ಎಲ್ಲರನ್ನೂ ಒಟ್ಟಿಗೆ ಕೇಳಿದರೆ ಇಂಥ ಮೌನವನ್ನು ನಾವೇ ಕೈಯಾರೆ ಕರೆದಂತೆ.

ಪರಿಹಾರ ಸುಲಭ. ಹೆಸರು ಹಿಡಿದು ಕೇಳಿ. ಒಬ್ಬರು ಹೇಳಿ ಮುಗಿಸಿದ ಮೇಲೆ ಅವರೇ ಮುಂದಿನವರ ಹೆಸರು ಹೇಳಲಿ. ಅಷ್ಟು ಮಾಡಿದರೆ ಅರ್ಧ ತೊಂದರೆ ಹೋಯಿತು. ಇನ್ನರ್ಧ ಇರುವುದು ಪ್ರಶ್ನೆಯಲ್ಲಿ. ‘ಹೇಗಿದ್ದೀರಿ’ಗೆ ‘ಚೆನ್ನಾಗಿದ್ದೀನಿ’ ಅನ್ನುವುದು ನಮಗೆಲ್ಲ ಬಾಯಿಪಾಠ. ಅದರ ಬದಲು ‘ಇವತ್ತು ನಿಮ್ಮ ದಿನ ಹೇಗಿರುತ್ತೆ? ಯಾವಾಗ ಸಿಗಲ್ಲ?’ ಅಂತ ಕೇಳಿದರೆ ಉತ್ತರ ತಾನಾಗಿ ಬೇರೆಯಾಗುತ್ತದೆ. ಮನಸ್ಸಿನ ವಿಷಯ ಹೇಳಬೇಕು ಅನ್ನಿಸಿದವರು ಅದರಲ್ಲೇ ಹೇಳುತ್ತಾರೆ. ಬೇಡ ಅನ್ನುವವರಿಗೆ ಬರೀ ಸಮಯ ಹೇಳುವ ದಾರಿ ಇದೆ.

ಮೊದಲು ಯಾರು ಹೇಳುತ್ತಾರೆ ಅನ್ನುವುದೂ ಮುಖ್ಯ. ಮೊದಲ ಉತ್ತರ ಎಷ್ಟು ಉದ್ದವೋ, ಎಷ್ಟು ಬಿಚ್ಚು ಮನಸ್ಸಿನದೋ, ಉಳಿದವರದೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಹಾಗಾಗಿ ಮೊದಲ ವಾರ ಲೀಡ್ ತಾವೇ ಶುರು ಮಾಡಿ, ಒಂದು ಸಣ್ಣ ನಿಜ ಹೇಳುವುದು ಒಳ್ಳೆಯದು: ‘ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ, ಹನ್ನೊಂದರವರೆಗೆ ಸ್ವಲ್ಪ ನಿಧಾನ ಇರ್ತೀನಿ.’ ಆಮೇಲೆ ಸರದಿ ತಿರುಗಲಿ. ದೊಡ್ಡ ಕಷ್ಟ ತೋಡಿಕೊಳ್ಳುವ ಲೀಡ್ ಕೂಡ ತಂಡಕ್ಕೆ ಭಾರವೇ. ‘ನಾವೂ ಅಷ್ಟು ಹೇಳ್ಬೇಕಾ?’ ಅಂತ ಕಿರಿಯರಿಗೆ ಇರುಸುಮುರುಸಾಗುತ್ತದೆ.

ಒಂದು ಮಂಗಳವಾರ

ಇದು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಲು ಒಂದು ತಂಡ ಕಲ್ಪಿಸಿಕೊಳ್ಳೋಣ. ಆರು ಜನ: ಲೀಡ್, ಇಬ್ಬರು ಡೆವಲಪರ್‌ಗಳು, ಒಬ್ಬ ಡಿಸೈನರ್, ಒಬ್ಬ ಟೆಸ್ಟರ್, ಬಳಕೆದಾರರ ಕೈಪಿಡಿ ಬರೆಯುವ ಒಬ್ಬರು. ಎಲ್ಲರೂ ಅವರವರ ಮನೆಯಲ್ಲಿ. ದಿನಾ ಬೆಳಿಗ್ಗೆ ಹದಿನೈದು ನಿಮಿಷದ ಮೀಟಿಂಗ್. ಗುರುವಾರ ಆಪ್‌ನ ಹೊಸ ಆವೃತ್ತಿ ಬಿಡುಗಡೆ. ಚೆಕ್-ಇನ್‌ಗೆ ತಲಾ ಇಪ್ಪತ್ತು ಸೆಕೆಂಡ್ ಅಂದರೂ ಎರಡೇ ನಿಮಿಷ.

ಮಂಗಳವಾರ ಟೆಸ್ಟರ್ ಸರದಿ ಬಂದಾಗ ಹೇಳುತ್ತಾರೆ: ‘ಇವತ್ತು ಮೂರರಿಂದ ನಾಲ್ಕೂವರೆ ಸಿಗಲ್ಲ. ಅಮ್ಮನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕು. ಬಂದ ತಕ್ಷಣ ಮೆಸೇಜ್ ಹಾಕ್ತೀನಿ.’ ಹತ್ತು ಸೆಕೆಂಡ್ ಕೂಡ ಆಗಿಲ್ಲ. ಮೂರು ಗಂಟೆಗೆ ಬಿಲ್ಡ್, ಅಂದರೆ ಟೆಸ್ಟ್ ಮಾಡಬೇಕಾದ ಆಪ್‌ನ ಪ್ರತಿ, ಕೊಡುವುದು ಡೆವಲಪರ್ ಒಬ್ಬರ ಯೋಜನೆಯಾಗಿತ್ತು. ಅವರು ‘ಹಾಗಾದ್ರೆ ಮೊದಲರ್ಧ ಒಂದೂವರೆಗೇ ಕೊಟ್ಟುಬಿಡ್ತೀನಿ, ಉಳಿದದ್ದು ನೀವು ಬಂದಮೇಲೆ’ ಅನ್ನುತ್ತಾರೆ.

ಚೆಕ್-ಇನ್ ಇಲ್ಲದಿದ್ದರೆ ಇದೇ ಮಧ್ಯಾಹ್ನ ಬೇರೆ ರೀತಿ ಹೋಗುತ್ತಿತ್ತು. ಮೂರಕ್ಕೆ ಬಿಲ್ಡ್ ಹೋಗುತ್ತದೆ. ಮೂರೂಕಾಲಿಗೆ ‘ನೋಡಿದ್ರಾ?’ ಅಂತ ಮೆಸೇಜ್. ಮೂರೂಮುಕ್ಕಾಲಿಗೆ ಅದೇ ಪ್ರಶ್ನೆ ಗ್ರೂಪಿನಲ್ಲಿ, ಈ ಸಲ ಲೀಡ್ ಹೆಸರನ್ನೂ ಟ್ಯಾಗ್ ಮಾಡಿ. ನಾಲ್ಕೂವರೆಗೆ ಆಸ್ಪತ್ರೆಯಿಂದ ಬಂದ ಟೆಸ್ಟರ್ ಫೋನ್ ತೆಗೆದರೆ ಕಾಣುವುದು ಅದು. ಯಾರೂ ಬೈದಿಲ್ಲ, ಯಾರದೂ ತಪ್ಪಿಲ್ಲ. ಆದರೂ ಎರಡು ಕಡೆ ಒಂದೊಂದು ಗಾಯ. ಡೆವಲಪರ್‌ಗೆ ‘ಬೇಕಾದಾಗ ಇವರು ಸಿಗಲ್ಲ’. ಟೆಸ್ಟರ್‌ಗೆ ‘ಒಂದೂವರೆ ಗಂಟೆ ಕೂಡ ತಡ್ಕೊಳ್ಳಲಿಲ್ಲ, ಮೇಲಿನವರಿಗೆ ಹೇಳಿಬಿಟ್ರು’. ಚೆಕ್-ಇನ್ ಇದ್ದರೂ ಇಲ್ಲದಿದ್ದರೂ ಮೌನ ಒಂದೇ, ತೊಂಬತ್ತು ನಿಮಿಷ. ಚೆಕ್-ಇನ್ ಇದ್ದಾಗ ಅದನ್ನು ಯಾರೂ ಲೆಕ್ಕಕ್ಕೇ ಇಡಲಿಲ್ಲ.

ನಾಲ್ಕೂವರೆಗೆ ಟೆಸ್ಟರ್ ‘ಬಂದೆ’ ಅಂತ ಬರೆಯುತ್ತಾರಲ್ಲ, ನಂಬಿಕೆ ಕಟ್ಟುವುದರಲ್ಲಿ ಆ ಒಂದು ಪದದ ಪಾತ್ರ ದೊಡ್ಡದು. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನ ಹಾಗೇ ಆಯಿತು. ಮಾತು ಕೊಟ್ಟು ಉಳಿಸಿಕೊಳ್ಳುವ ಇಂಥ ಸಣ್ಣ ಅವಕಾಶಗಳು ದೂರದ ತಂಡಗಳಲ್ಲಿ ಕಡಿಮೆ. ದೊಡ್ಡ ಕೆಲಸ ಮುಗಿಯುವುದು ವಾರಕ್ಕೋ ತಿಂಗಳಿಗೋ ಒಮ್ಮೆ. ಚೆಕ್-ಇನ್ ಆ ಅವಕಾಶವನ್ನು ದಿನಾ ಕೊಡುತ್ತದೆ. ಡೇನಿಯಲ್ ಮೆಕ್‌ಆಲಿಸ್ಟರ್ 1995ರ ಪ್ರಬಂಧದಲ್ಲಿ ಸಹೋದ್ಯೋಗಿಗಳ ನಡುವಿನ ನಂಬಿಕೆಯನ್ನು ಎರಡಾಗಿ ಬಿಡಿಸಿದ್ದರು. ಒಂದು ತಲೆಯದು: ಇವರು ಹೇಳಿದ್ದನ್ನು ಮಾಡುತ್ತಾರೆ. ಇನ್ನೊಂದು ಮನಸ್ಸಿನದು: ಇವರಿಗೆ ನನ್ನ ಬಗ್ಗೆ ಕಾಳಜಿ ಇದೆ. ‘ಬಂದೆ’ ಎಂಬ ಮೆಸೇಜ್ ಮೊದಲನೆಯದಕ್ಕೆ ಸೇರಿದ್ದು. ಎರಡನೆಯದು ಬರುವುದು ಬುಧವಾರ ಬೆಳಿಗ್ಗೆ, ಯಾರಾದರೂ ನೆನಪಿಟ್ಟುಕೊಂಡು ‘ಅಮ್ಮ ಹೇಗಿದ್ದಾರೆ?’ ಅಂತ ಕೇಳಿದರೆ. ಕೇಳಲೇಬೇಕು ಅಂತೇನಿಲ್ಲ. ನಿಯಮ ಮಾಡಿ ಕೇಳಿಸಿದರೆ ಅದು ನಾಟಕ. ಆದರೆ ತಿಂಗಳಾದರೂ ಯಾರೂ ಯಾರ ಮಾತನ್ನೂ ಮಾರನೆಯ ದಿನ ನೆನಪಿಟ್ಟುಕೊಂಡಿಲ್ಲ ಅಂದರೆ, ಅಲ್ಲಿ ಮಾತಾಡಿದವರಿದ್ದಾರೆ, ಕೇಳಿಸಿಕೊಂಡವರಿಲ್ಲ.

ಈಗ ಇದೇ ಮಂಗಳವಾರವನ್ನು ಕೆಡಿಸಿ ನೋಡೋಣ. ಟೆಸ್ಟರ್ ಅದೇ ಮಾತು ಹೇಳುತ್ತಾರೆ. ಲೀಡ್ ‘ಓಹ್, ಟೇಕ್ ಕೇರ್’ ಅನ್ನುತ್ತಾರೆ. ಹತ್ತು ನಿಮಿಷದ ಮೇಲೆ ಕೆಲಸ ಹಂಚುವಾಗ ‘ಪೇಮೆಂಟ್ ಭಾಗದ ಟೆಸ್ಟಿಂಗ್ ಇವತ್ತು ಐದರೊಳಗೆ ಮುಗಿಸಿಬಿಡಿ’ ಅಂತ ಅವರಿಗೇ ಹೇಳುತ್ತಾರೆ. ಲೀಡ್ ಕೆಟ್ಟವರೇನಲ್ಲ, ಕೇಳಿಸಿಕೊಂಡದ್ದು ತಲೆಯಲ್ಲಿ ಉಳಿದಿಲ್ಲ ಅಷ್ಟೇ. ಆದರೆ ಇದನ್ನು ಐದು ಜನ ನೋಡಿದರು. ಬುಧವಾರದ ಚೆಕ್-ಇನ್‌ನಲ್ಲಿ ಎಲ್ಲರೂ ‘ಚೆನ್ನಾಗಿದ್ದೀನಿ, ಫುಲ್ ಡೇ ಇರ್ತೀನಿ’ ಅನ್ನುತ್ತಾರೆ. ಇಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ ಅಂತ ಐದು ಜನಕ್ಕೂ ಒಂದೇ ದಿನದಲ್ಲಿ ಪಾಠ ಆಯಿತು. ಚೆಕ್-ಇನ್ ಇಲ್ಲದಿದ್ದರೆ ಲೀಡ್‌ಗೆ ಗೊತ್ತಿರಲಿಲ್ಲ ಅಂತಾದರೂ ಅಂದುಕೊಳ್ಳಬಹುದಿತ್ತು. ಈಗ ಗೊತ್ತಿದ್ದೂ ಹೀಗೆ ಮಾಡಿದರು ಎಂದಾಯಿತು. ಅದಕ್ಕೇ ನಾನು ಹೇಳುವುದು, ಅರೆಮನಸ್ಸಿನ ಚೆಕ್-ಇನ್‌ಗಿಂತ ಇಲ್ಲದಿರುವುದೇ ವಾಸಿ.

ಲೀಡ್ ಇದನ್ನು ತಪ್ಪಿಸಲು ಒಂದು ಚಿಕ್ಕ ಅಭ್ಯಾಸ ಸಾಕು. ಚೆಕ್-ಇನ್ ನಡೆಯುವಾಗ ಕಾಗದದ ಮೇಲೆ ಎರಡು ಪದ ಗೀಚಿಕೊಳ್ಳಿ: ಯಾರು, ಯಾವಾಗ. ಕೆಲಸ ಹಂಚುವಾಗ ಅದನ್ನು ನೋಡಿ. ಆ ಕಾಗದ ಸಂಜೆ ಕಸದ ಬುಟ್ಟಿಗೆ ಹೋಗಲಿ. ಇದನ್ನೇ ಶೀಟ್‌ನಲ್ಲಿ ಬರೆದು ಇಟ್ಟುಕೊಂಡರೆ ಅದು ಹಾಜರಿ ಪುಸ್ತಕ ಆಗುತ್ತದೆ. ವರ್ಷದ ಕೊನೆಗೆ ಅಪ್ರೈಸಲ್‌ನಲ್ಲಿ ‘ನೀವು ತುಂಬಾ ಸಲ ಸುಸ್ತು ಅಂದಿದ್ರಿ’ ಎಂಬ ಮಾತು ಒಂದು ಸಲ ಬಂದರೆ ಸಾಕು, ಆ ತಂಡದಲ್ಲಿ ಚೆಕ್-ಇನ್ ಅಲ್ಲಿಗೆ ಮುಗಿಯಿತು.

ಹರಟೆ ಮತ್ತು ಚೆಕ್-ಇನ್

ಇಲ್ಲಿ ಒಂದು ಗೊಂದಲ ಇದೆ. ಮೀಟಿಂಗ್ ಶುರುವಾಗುವ ಮೊದಲು ಜನ ಸೇರುವವರೆಗೆ ನಡೆಯುವ ಹರಟೆಯನ್ನೇ ಹಲವರು ಚೆಕ್-ಇನ್ ಅನ್ನುತ್ತಾರೆ. ಹರಟೆಗೂ ಬೆಲೆ ಇದೆ. ಜೋಸೆಫ್ ಆಲೆನ್ ಮತ್ತು ಸಂಗಡಿಗರ 2014ರ ಸಮೀಕ್ಷೆಯಲ್ಲಿ, ಮೀಟಿಂಗ್‌ಗೆ ಮುಂಚಿನ ಲೋಕಾಭಿರಾಮದ ಮಾತಿಗೂ ಮೀಟಿಂಗ್ ಚೆನ್ನಾಗಿ ಆಯಿತು ಅನ್ನುವ ಅನಿಸಿಕೆಗೂ ನಂಟು ಕಂಡಿತ್ತು. ಆದರೆ ಅದು ನಂಟು ಅಷ್ಟೇ. ಒಳ್ಳೆಯ ತಂಡದಲ್ಲಿ ಹರಟೆ ತಾನಾಗಿ ಜಾಸ್ತಿ ಇರಬಹುದು. ಜೆಸ್ಸಿಕಾ ಮೆಥಾಟ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಎರಡೂ ಕಂಡವು: ದಿನದ ಹರಟೆಯಿಂದ ಮನಸ್ಸು ಹಗುರವಾಗುತ್ತದೆ, ಹಾಗೇ ಕೆಲಸದ ಮೇಲಿನ ಗಮನವೂ ಚದುರುತ್ತದೆ.

ದೂರದ ತಂಡದಲ್ಲಿ ಹರಟೆಯ ನಿಜವಾದ ತೊಂದರೆ ಬೇರೆ. ಅದು ಎಲ್ಲರಿಗೂ ಸಿಗುವುದಿಲ್ಲ. ಸಮಯಕ್ಕೆ ಬಂದವರು ಹರಟುತ್ತಾರೆ, ಹಿಂದಿನ ಮೀಟಿಂಗ್ ಮುಗಿಸಿ ಓಡಿಬರುವವರಿಗೆ ಅದು ದಿನಾ ತಪ್ಪುತ್ತದೆ. ಅರ್ಧ ಜನ ಆಫೀಸಿನ ಕೋಣೆಯಲ್ಲಿ, ಅರ್ಧ ಜನ ಪರದೆಯಲ್ಲಿ ಇದ್ದರೆ ಇನ್ನೂ ಕಷ್ಟ. ಕೋಣೆಯಲ್ಲಿದ್ದವರು ಮಾತಾಡಿ ನಕ್ಕು ಮುಗಿಸಿದ ಮೇಲೆ ಲಿಂಕ್ ತೆರೆಯುತ್ತಾರೆ. ಪರದೆಯಲ್ಲಿದ್ದವರಿಗೆ ಕೇಳುವುದು ನಗುವಿನ ಬಾಲ ಮಾತ್ರ. ಹಾಗಾಗಿ ಚೆಕ್-ಇನ್ ಕಾಯುವ ಸಮಯದಲ್ಲಿ ನಡೆಯಬಾರದು. ಮೀಟಿಂಗ್ ಶುರುವಾದ ಮೇಲೆ, ಮೊದಲ ಕೆಲಸವಾಗಿ ನಡೆಯಬೇಕು. ಪರದೆಯಲ್ಲಿದ್ದವರೇ ಮೊದಲು ಮಾತಾಡಲಿ.

ಇದರಿಂದ ಇನ್ನೊಂದು ಲಾಭವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯಲ್ಲಿ ಒಂದು ಅಂಶ ಹೀಗಿದೆ: ಚರ್ಮಕ್ಕೆ ಕತ್ತಿ ತಾಗಿಸುವ ಮೊದಲು ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು. ಶುರುವಿನಲ್ಲಿ ಒಮ್ಮೆ ಬಾಯಿ ತೆರೆದವರು ಆಮೇಲೆ ಏನಾದರೂ ತಪ್ಪು ಕಂಡಾಗ ಹೇಳಲು ಅಷ್ಟು ಹಿಂಜರಿಯುವುದಿಲ್ಲ ಎಂಬ ತಿಳಿವಳಿಕೆ ಅದರ ಹಿಂದಿದೆ. ಮೀಟಿಂಗ್‌ನಲ್ಲೂ ಅಷ್ಟೇ. ಮ್ಯೂಟ್ ಒಮ್ಮೆ ತೆಗೆದ ಕೈಗೆ ಎರಡನೇ ಸಲ ಅದು ಭಾರ ಅನ್ನಿಸುವುದಿಲ್ಲ.

ಚೆಕ್-ಇನ್ ಕೆಲಸ ಮಾಡುತ್ತಿದೆಯೇ ಅಂತ ತಿಳಿಯಲು ಸಮೀಕ್ಷೆ ಬೇಕಿಲ್ಲ. ‘ತಂಡದಲ್ಲಿ ನಂಬಿಕೆ ಇದೆಯೇ, ಐದಕ್ಕೆ ಎಷ್ಟು?’ ಅಂತ ಕೇಳಿದರೆ ನಂಬಿಕೆ ಇಲ್ಲದವರೇ ಮೊದಲು ನಾಲ್ಕು ಕೊಡುತ್ತಾರೆ. ನೋಡಬೇಕಾದ್ದು ಕೆಟ್ಟ ಸುದ್ದಿ ಯಾವ ದಿನ ಬರುತ್ತದೆ ಎಂಬುದನ್ನು. ಗುರುವಾರದ ಬಿಡುಗಡೆ ತಡವಾಗುತ್ತದೆ ಎಂಬ ಮಾತು ಸೋಮವಾರ ಬಂತೋ, ಬುಧವಾರ ರಾತ್ರಿ ಬಂತೋ? ‘ಏನಾಯ್ತು?’, ‘ಅಪ್‌ಡೇಟ್ ಇದೆಯಾ?’ ಎಂಬ ಮೆಸೇಜುಗಳು ಕಡಿಮೆ ಆಗುತ್ತಿವೆಯೋ? ಸಹಾಯ ಕೇಳುವಾಗ ಜನ ಗ್ರೂಪಿನಲ್ಲಿ ಕೇಳುತ್ತಾರೋ, ಗುಟ್ಟಾಗಿ ಒಬ್ಬರಿಗೇ ಬರೆಯುತ್ತಾರೋ? ಇನ್ನು ಚೆಕ್-ಇನ್‌ನ ಉತ್ತರಗಳನ್ನೇ ಕೇಳಿಸಿಕೊಳ್ಳಿ. ಎರಡು ವಾರ ಎಲ್ಲರದೂ ಒಂದೇ ಉತ್ತರ ಆಗಿದ್ದರೆ, ಅಥವಾ ಒಂದಿಬ್ಬರು ದಿನಾ ಸರಿಯಾಗಿ ಮೂರು ನಿಮಿಷ ತಡವಾಗಿ ಸೇರುತ್ತಿದ್ದರೆ, ಅವರು ಅದನ್ನು ತಪ್ಪಿಸಿಕೊಳ್ಳುತ್ತಿದ್ದಾರೆ.

ಆದರೆ ಒಬ್ಬರೇ ಒಬ್ಬರು ದಿನಾ ‘ಎಲ್ಲ ಸರಿ ಇದೆ, ಆರರವರೆಗೆ ಇರ್ತೀನಿ’ ಅಂದರೆ ಅವರನ್ನು ಬಿಟ್ಟುಬಿಡಿ. ಎಲ್ಲರಿಗೂ ಮನೆಯ ಮಾತು ಆಫೀಸಿಗೆ ತರುವುದು ಇಷ್ಟ ಇರುವುದಿಲ್ಲ. ಅವರು ಸಮಯ ಹೇಳಿದ್ದಾರೆ, ತಂಡಕ್ಕೆ ಅಷ್ಟು ಸಾಕು. ಗುತ್ತಿಗೆಯ ಮೇಲೆ ಇರುವವರು, ಈಗಷ್ಟೇ ಸೇರಿದವರು ಇನ್ನೂ ಎಚ್ಚರಿಕೆಯಿಂದ ಮಾತಾಡುತ್ತಾರೆ. ತಮ್ಮ ಸಂಬಳ ತೀರ್ಮಾನಿಸುವವರೇ ಕೂತು ‘ಇವತ್ತು ಹೇಗಿದ್ದೀರಿ’ ಅಂತ ಕೇಳುವಾಗ ಸುಸ್ತಾಗಿದೆ ಅನ್ನಲು ಧೈರ್ಯ ಬೇಕು. ‘ಪಾಸ್’ ಅಂತ ಹೇಳಿ ಮುಂದಿನವರ ಹೆಸರು ಹೇಳುವ ಹಕ್ಕು ಎಲ್ಲರಿಗೂ ಇರಬೇಕು. ಪಾಸ್ ಅಂದವರಿಗೆ ಮೀಟಿಂಗ್ ಮುಗಿದ ಮೇಲೆ ‘ಯಾಕೆ, ಏನಾಯ್ತು?’ ಅಂತ ಮೆಸೇಜ್ ಹೋಗಬಾರದು. ಲೀಡ್ ಕೂಡ ಆಗೊಮ್ಮೆ ಪಾಸ್ ಅಂದರೆ ಉಳಿದವರಿಗೆ ಅದು ನಿಜವಾದ ಹಕ್ಕು ಅಂತ ಗೊತ್ತಾಗುತ್ತದೆ.

ತಂಡ ದೊಡ್ಡದಾದರೆ ಈ ಪದ್ಧತಿ ಹಾಗೇ ನಡೆಯುವುದಿಲ್ಲ. ಹನ್ನೆರಡು ಜನ ತಲಾ ಇಪ್ಪತ್ತು ಸೆಕೆಂಡ್ ಅಂದರೆ ಲೆಕ್ಕಕ್ಕೆ ನಾಲ್ಕು ನಿಮಿಷ. ಮ್ಯೂಟ್ ತೆಗೆಯುವುದು, ಹೆಸರು ಕರೆಯುವುದು ಸೇರಿಸಿದರೆ ಐದಾರು. ಹದಿನೈದು ನಿಮಿಷದಲ್ಲಿ ಅಷ್ಟು ಹೋದರೆ ಜನಕ್ಕೆ ಬೇಸರ ಬರುತ್ತದೆ, ಆರನೆಯವರ ಹೊತ್ತಿಗೆ ಕೇಳಿಸಿಕೊಳ್ಳುವುದೂ ನಿಲ್ಲುತ್ತದೆ. ಎಂಟು ದಾಟಿದರೆ ಒಟ್ಟಿಗೆ ಕೆಲಸ ಮಾಡುವ ಮೂರು ನಾಲ್ಕು ಜನರ ಗುಂಪುಗಳಾಗಿ ಮಾಡಿ, ಇಲ್ಲ ಮೀಟಿಂಗ್‌ಗೆ ಹತ್ತು ನಿಮಿಷ ಮೊದಲು ಚಾಟ್‌ನಲ್ಲಿ ಒಂದು ಸಾಲು ಬರೆಯಲು ಹೇಳಿ. ಬೇರೆ ಬೇರೆ ಟೈಮ್ ಝೋನ್‌ಗಳಲ್ಲಿ ಇರುವ ತಂಡಕ್ಕೂ ಬರಹವೇ ಒಳ್ಳೆಯದು, ಒಬ್ಬರ ಬೆಳಿಗ್ಗೆ ಇನ್ನೊಬ್ಬರ ರಾತ್ರಿ ಆಗಿರುವಾಗ ‘ಇವತ್ತು’ ಅನ್ನುವುದೇ ಬೇರೆ ಬೇರೆ. ಅಲ್ಲಿ ‘ಮೂರರಿಂದ ನಾಲ್ಕೂವರೆ’ ಅಂದರೆ ಯಾರ ಮೂರು ಅಂತಲೂ ಬರೆಯಬೇಕು. ಬರಹದಲ್ಲಿ ದನಿ ಕೇಳುವುದಿಲ್ಲ, ಸುಸ್ತು ಗೊತ್ತಾಗುವುದಿಲ್ಲ. ಆದರೆ ಮಧ್ಯಾಹ್ನ ಮೂರೂಕಾಲಿಗೆ ಉತ್ತರ ಬರದೆ ಕೈ ಟ್ಯಾಗ್ ಬಟನ್ ಕಡೆ ಹೋದಾಗ, ಚಾಟ್ ಮೇಲಕ್ಕೆ ಸರಿಸಿ ಬೆಳಗಿನ ಸಾಲನ್ನು ಮತ್ತೊಮ್ಮೆ ಓದಬಹುದು.